ಉಳಿದ ಕಾಲದ ಲೆಕ್ಕ

ಮುಪ್ಪಿನ ಸಮಾಧಾನ ವೈರಾಗ್ಯದಿಂದ ಬಂದದ್ದೇ, ಮರೆವಿನಿಂದ ಬಂದದ್ದೇ? ಎರಡೂ ಅಲ್ಲ ಎನ್ನುತ್ತವೆ ಮೂರು ದಶಕಗಳ ಪ್ರಯೋಗಗಳು.

ದೊಡ್ಡಮ್ಮ ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟು ಏಳು ವರ್ಷವಾಯಿತು. ಕರೆಯೋಲೆ ಹಿಡಿದು ಬಂದವರನ್ನು ಕೂರಿಸಿ ಕಾಫಿ ಕೊಡುತ್ತಾರೆ. "ಬರ್ತೇನೆ ಅಂತ ಸುಳ್ಳು ಹೇಳೋದಿಲ್ಲ ಮಾರಾಯ, ಇಲ್ಲಿಂದಲೇ ಹರಸ್ತೇನೆ" ಎಂದು ನಕ್ಕು ಕಳಿಸುತ್ತಾರೆ. ಒಂದು ಕಾಲದಲ್ಲಿ ಸಾಗರ ಪೇಟೆಯಲ್ಲಿ ಇವರಿಲ್ಲದ ಗೃಹಪ್ರವೇಶವೇ ಇರಲಿಲ್ಲ. ಈಗ ವಯಸ್ಸು 79. ಆದರೆ ಮಧ್ಯಾಹ್ನ ಮೂರಕ್ಕೆ ಶಿವಮೊಗ್ಗದ ತಂಗಿಗೆ ಫೋನ್ ಮಾಡುವುದು ಮಾತ್ರ ಒಂದು ದಿನವೂ ತಪ್ಪುವುದಿಲ್ಲ. "ಪಾಪ, ವಯಸ್ಸಾಯ್ತು, ಯಾವುದೂ ಬೇಡವಾಗಿದೆ" ಎಂದು ನೆಂಟರು ಕನಿಕರಪಡುತ್ತಾರೆ. ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಸಿಡುಕುವವರು ಅವರೇ ಎಂಬುದು ನೆಂಟರ ಲೆಕ್ಕಕ್ಕೆ ಬರುವುದಿಲ್ಲ.

ನೆಂಟರ ಈ ಮಾತು ಒಂದು ಕಾಲಕ್ಕೆ ಶಾಸ್ತ್ರದ ಮಾತೂ ಆಗಿತ್ತು. 1961ರಲ್ಲಿ ಅಮೆರಿಕದ ಎಲೇನ್ ಕಮ್ಮಿಂಗ್ ಮತ್ತು ವಿಲಿಯಂ ಹೆನ್ರಿ ಎಂಬ ಇಬ್ಬರು ವಿದ್ವಾಂಸರು, ವಯಸ್ಸಾದಂತೆ ಮನುಷ್ಯ ಸಮಾಜದಿಂದ ಕಳಚಿಕೊಳ್ಳುತ್ತಾನೆ, ಸಮಾಜವೂ ಅವನನ್ನು ಕಳಚಿಬಿಡುತ್ತದೆ, ಇದು ಸಹಜವಾದ ಸಿದ್ಧತೆ ಎಂದು ಬರೆದರು. ವಾನಪ್ರಸ್ಥದ ಕಲ್ಪನೆಯಲ್ಲಿ ಬೆಳೆದ ನಮಗೆ ಇದು ಪರಿಚಿತವಾಗಿ ಕೇಳಿಸುತ್ತದೆ. ತೊಂದರೆ ಏನೆಂದರೆ, ಹತ್ತಿರ ಹೋಗಿ ಎಣಿಸಿದಾಗ ಲೆಕ್ಕ ಬೇರೆಯೇ ಬಂತು.

ಎಣಿಸಿದವರಲ್ಲಿ ಮುಖ್ಯರಾದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್. ಅವರು ಈ ವಿಷಯಕ್ಕೆ ಬಂದ ದಾರಿಯೇ ಒಂದು ಕಥೆ. 21ನೇ ವಯಸ್ಸಿನಲ್ಲಿ ವಾಹನ ಅಪಘಾತದಲ್ಲಿ ಸಾವಿನ ಅಂಚಿಗೆ ಹೋಗಿ, ಮೂಳೆ ಮುರಿದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದರು. ಸುತ್ತಲಿನ ಹಾಸಿಗೆಗಳಲ್ಲಿದ್ದವರು ಮುದುಕಿಯರು. ಹೊತ್ತು ಹೋಗಲೆಂದು ತಂದೆ ಅವರ ಹೆಸರನ್ನು ಕಾಲೇಜಿನ ಒಂದು ಕೋರ್ಸಿಗೆ ಬರೆಸಿ, ತಾವೇ ತರಗತಿಯಲ್ಲಿ ಕುಳಿತು ಪಾಠವನ್ನು ಟೇಪ್ ಮಾಡಿ ತಂದುಕೊಟ್ಟರು. ಆ ಪಾಠ ಮನಶ್ಶಾಸ್ತ್ರದ್ದು. ಅಪಘಾತಕ್ಕೆ ಮೊದಲು ತನಗೆ ದೊಡ್ಡದೆನಿಸಿದ್ದ ಎಷ್ಟೋ ಸಂಗತಿಗಳು ಈಗ ಸಣ್ಣವಾಗಿವೆ, ನಾಲ್ಕಾರು ಜನ ಮಾತ್ರ ಬೇಕಾಗಿದ್ದಾರೆ ಎಂಬುದನ್ನು ಹುಡುಗಿ ಗಮನಿಸಿದಳು. ಅಂದರೆ ಪಕ್ಕದ ಹಾಸಿಗೆಯ ಅಜ್ಜಿಯ ಮನಸ್ಸು 21ರ ಹರೆಯದಲ್ಲೂ ಬರಬಹುದು.

ಒಳವೃತ್ತ, ಹೊರವೃತ್ತ

1994ರಲ್ಲಿ ಫ್ರೀಡರ್ ಲಾಂಗ್ ಜೊತೆಗೂಡಿ ಕಾರ್ಸ್ಟೆನ್ಸನ್ ಪ್ರಕಟಿಸಿದ ಅಧ್ಯಯನ ಬರ್ಲಿನ್ ನಗರದ್ದು. 70ರಿಂದ 104 ವರ್ಷದ ಹಿರಿಯರ ಮುಂದೆ ಒಂದರೊಳಗೊಂದು ಮೂರು ವೃತ್ತ ಬರೆದ ಹಾಳೆ ಇಡುತ್ತಾರೆ. ಯಾರಿಲ್ಲದೆ ಬದುಕನ್ನು ಊಹಿಸುವುದೂ ಕಷ್ಟವೋ ಅವರ ಹೆಸರು ಒಳವೃತ್ತಕ್ಕೆ. ಅಷ್ಟು ಆಪ್ತರಲ್ಲದಿದ್ದರೂ ಮುಖ್ಯರಾದವರು ನಡುವಿನದಕ್ಕೆ. ಉಳಿದ ಬಳಕೆಯವರು ಹೊರಗಿನದಕ್ಕೆ. ತೀರ ವಯಸ್ಸಾದವರ ಹಾಳೆಯಲ್ಲಿ ಒಟ್ಟು ಹೆಸರುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಆದರೆ ಒಳವೃತ್ತದ ಹೆಸರುಗಳ ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ. ಉದುರಿದ್ದು ಹೊರಗಿನವು.

ಇನ್ನೊಂದು ಸಂಗತಿ ನನಗೆ ಹೆಚ್ಚು ಕುತೂಹಲದ್ದು. ಬಾಲ್ಯದಿಂದ ಹಿಂಬಾಲಿಸಿದ ಜನರ ಹಳೆಯ ಸಂದರ್ಶನಗಳನ್ನು ಕಾರ್ಸ್ಟೆನ್ಸನ್ 1992ರಲ್ಲಿ ತಿರುವಿ ನೋಡಿದಾಗ, ಪರಿಚಯಸ್ಥರೊಡನೆ ಒಡನಾಟ ಕಡಿಮೆಯಾಗತೊಡಗಿದ್ದು ಅರವತ್ತರಲ್ಲಲ್ಲ. 18 ಮತ್ತು 30ರ ನಡುವೆ. ಜರಡಿ ಹಿಡಿಯುವುದನ್ನು ನಾವು ಮುಪ್ಪಿಗೆ ಬಹಳ ಮೊದಲೇ ಶುರುಮಾಡಿರುತ್ತೇವೆ.

ಅರ್ಧ ಗಂಟೆಗೆ ಯಾರು?

ಏಕೆ ಜರಡಿ? ಬಾರ್ಬರಾ ಫ್ರೆಡ್ರಿಕ್ಸನ್ ಜೊತೆ ಕಾರ್ಸ್ಟೆನ್ಸನ್ 1990ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಶ್ನೆಯನ್ನು ಓದುಗರೂ ತಮಗೆ ತಾವೇ ಕೇಳಿಕೊಳ್ಳಬಹುದು. ಅರ್ಧ ಗಂಟೆ ಬಿಡುವಿದೆ, ತುರ್ತಿನ ಕೆಲಸವಿಲ್ಲ. ಮೂವರಲ್ಲಿ ಒಬ್ಬರ ಜೊತೆ ಕಳೆಯಬಹುದು: ಮನೆಯವರೊಬ್ಬರು, ಈಗಷ್ಟೇ ಓದಿ ಮುಗಿಸಿದ ಪುಸ್ತಕದ ಲೇಖಕರು, ಇತ್ತೀಚೆಗೆ ಪರಿಚಯವಾದ, ಅಭಿರುಚಿ ಹೊಂದುವಂತೆ ಕಾಣುವ ಒಬ್ಬರು. ಹಿರಿಯರು ಹೆಚ್ಚಾಗಿ ಮನೆಯವರನ್ನು ಆರಿಸಿದರು. ಎಳೆಯರ ಆಯ್ಕೆ ಮೂರೂ ಕಡೆ ಹಂಚಿಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ವಯಸ್ಸಿನ ಗುಣ ಎಂದು ಮುಗಿಸಬಹುದಿತ್ತು. ಆದರೆ ಎಳೆಯರಿಗೆ "ಇನ್ನು ಕೆಲವೇ ವಾರಗಳಲ್ಲಿ ನೀವೊಬ್ಬರೇ ದೂರದ ಊರಿಗೆ ಹೊರಡುತ್ತೀರಿ ಎಂದುಕೊಳ್ಳಿ" ಎಂದೊಡನೆ ಅವರೂ ಮನೆಯವರ ಕಡೆಗೇ ವಾಲಿದರು. ಮುಂದಿನ ಪ್ರಯೋಗ ಇದರ ತಿರುವುಮುರುವು. ಹಿರಿಯರಿಗೆ ಹೇಳಿದ್ದು: ವೈದ್ಯರು ಫೋನ್ ಮಾಡಿದ್ದಾರೆ, ಹೊಸ ಚಿಕಿತ್ಸೆ ಬಂದಿದೆ, ನೀವು ಎಣಿಸಿದ್ದಕ್ಕಿಂತ 20 ವರ್ಷ ಹೆಚ್ಚಾಗಿ, ತಕ್ಕಮಟ್ಟಿನ ಆರೋಗ್ಯದಲ್ಲಿ ಬದುಕುತ್ತೀರಿ. ಹಿರಿಯರ ಆ ಒಲವು ಮಾಯವಾಯಿತು. ಅವರ ಉತ್ತರವೂ ಎಳೆಯರಂತೆ ಹಂಚಿಹೋಯಿತು.

ದೊಡ್ಡಮ್ಮನನ್ನೂ ಕೇಳಿದೆ. "ಇಪ್ಪತ್ತು ವರ್ಷವಾ? ಈ ಮಂಡಿನೋವಿನ ಜೊತೆಗಾ?" ಎಂದರು. ಮಂಡಿ ನೋಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಎದುರುಮನೆಗೆ ಹೊಸದಾಗಿ ಬಂದವರನ್ನು ಒಂದು ಸಲ ಮಾತಾಡಿಸಬಹುದಿತ್ತು" ಎಂದರು. ಒಬ್ಬರ ಮಾತು ಪುರಾವೆಯಾಗುವುದಿಲ್ಲ, ಗೊತ್ತು.

ಪುರಾವೆಯೆನ್ನಬಹುದಾದ್ದು ಹಾಂಗ್‌ಕಾಂಗ್‌ನಿಂದ ಬಂತು. 1997ರ ಜುಲೈ 1ರಂದು ಬ್ರಿಟಿಷರು ಆ ನಗರವನ್ನು ಚೀನಾಕ್ಕೆ ಒಪ್ಪಿಸುವುದಿತ್ತು. ಅದಾದ ಮೇಲೆ ತಮಗೆ ಗೊತ್ತಿದ್ದ ಬದುಕು ಉಳಿದೀತೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ಹೆಲೆನ್ ಫಂಗ್ ಮತ್ತು ಸಂಗಡಿಗರು ಅದೇ ಮೂವರ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಹಸ್ತಾಂತರಕ್ಕೆ ಒಂದು ವರ್ಷವಿದ್ದಾಗ ಆಪ್ತರನ್ನೇ ಬಯಸಿದವರು ಹಿರಿಯರು ಮಾತ್ರ. ಎರಡು ತಿಂಗಳಿದ್ದಾಗ ಎಳೆಯರೂ ಆಪ್ತರನ್ನೇ ಆರಿಸಿದರು. ಹಸ್ತಾಂತರ ಮುಗಿದು, ಲೋಕ ಮುಳುಗಲಿಲ್ಲವೆಂದು ಖಾತ್ರಿಯಾದ ಒಂದು ವರ್ಷಕ್ಕೆ ಎಳೆಯರು ಮತ್ತೆ ಮೊದಲಿನಂತಾದರು. ಈ ಎರಡು ವರ್ಷದಲ್ಲಿ ಎಲ್ಲರ ವಯಸ್ಸೂ ಒಂದೇ ದಿಕ್ಕಿನಲ್ಲಿ ನಡೆದಿತ್ತು. ಹಿಂದೆಮುಂದೆ ಆದದ್ದು ಮುಂದಿರುವ ಕಾಲದ ಅಂದಾಜು ಒಂದೇ.

ಸಾಮಾಜಿಕ-ಭಾವನಾತ್ಮಕ ಆಯ್ಕೆಯ ಸಿದ್ಧಾಂತವೆಂದು ಕರೆಯುವುದು ಇದನ್ನೇ. ಮುಂದೆ ಬಹಳ ಕಾಲವಿದೆ ಎನಿಸಿದಾಗ ಮನುಷ್ಯ ಕೂಡಿಡುತ್ತಾನೆ: ಹೊಸ ಮುಖ, ಹೊಸ ವಿದ್ಯೆ, ಮುಂದೆಂದೋ ಕೆಲಸಕ್ಕೆ ಬಂದೀತೆಂಬ ಪರಿಚಯ. ಅದಕ್ಕಾಗಿ ಬೇಸರದ ಸಭೆಯಲ್ಲೂ ಕೂರುತ್ತಾನೆ, ಅವಮಾನವನ್ನೂ ನುಂಗುತ್ತಾನೆ. ಕಾಲ ಕಡಿಮೆಯಿದೆ ಎನಿಸಿದಾಗ ಕೂಡಿಡುವುದಕ್ಕೆ ಅರ್ಥವಿಲ್ಲ. ಈ ಹೊತ್ತಿಗೆ ಮನಸ್ಸಿಗೆ ಹಿತವಾದದ್ದು ಮುಂದೆ ಬರುತ್ತದೆ. ಹುಟ್ಟಿದಂದಿನಿಂದ ಎಣಿಸುವುದನ್ನು ಬಿಟ್ಟು ಉಳಿದದ್ದನ್ನು ಎಣಿಸತೊಡಗುತ್ತೇವೆ.

ಪೇಜರ್ ಬಡಿದಾಗ

ಇದರಿಂದ ದಿನನಿತ್ಯದ ಭಾವನೆ ನಿಜವಾಗಿ ಬದಲಾಗುತ್ತದೆಯೇ? "ಹೇಗಿದ್ದೀರಿ" ಎಂದರೆ ಹಿರಿಯರು "ಚೆನ್ನಾಗಿದ್ದೇನಪ್ಪ" ಎನ್ನುವುದು ರೂಢಿ, ಅದನ್ನು ನಂಬುವಂತಿಲ್ಲ. ಆದ್ದರಿಂದ ಕಾರ್ಸ್ಟೆನ್ಸನ್ ತಂಡ 18ರಿಂದ 94 ವರ್ಷದ 184 ಜನರಿಗೆ ಪೇಜರ್ ಕೊಟ್ಟು ಒಂದು ವಾರ ಬಿಟ್ಟಿತು. ದಿನಕ್ಕೆ ಐದು ಸಲ, ಹೇಳದೆ ಕೇಳದೆ ಅದು ಬಡಿಯುತ್ತದೆ. ಆ ಕ್ಷಣ ಸಿಟ್ಟು, ಸಂತೋಷ, ಭಯ, ಬೇಸರ ಹೀಗೆ 19 ಭಾವನೆಗಳು ಎಷ್ಟೆಷ್ಟಿವೆ ಎಂದು ಗುರುತು ಹಾಕಬೇಕು. ಕಹಿ ಭಾವನೆಗಳು ಬರುವುದು ಸುಮಾರು 60ರವರೆಗೆ ಇಳಿಯುತ್ತ ಹೋಗಿ, ಅಲ್ಲಿಂದ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಂತಿತ್ತು. ಸಂತೋಷ ಹಿರಿಯರಲ್ಲಿ ಕಡಿಮೆಯಾಗಿರಲಿಲ್ಲ. ಕಣ್ಣೀರು ನಗು ಒಟ್ಟಿಗೇ ಬರುವ ಕ್ಷಣಗಳು ಅವರಲ್ಲೇ ಹೆಚ್ಚು. ಮುಂದೆ ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಮತ್ತೆ ಅಳೆದಾಗಲೂ ವಯಸ್ಸಿನೊಂದಿಗೆ ಸಮಾಧಾನ ಹೆಚ್ಚುವುದು ಕಂಡಿತು. ಹಾಗಾಗಿ ಇದು ಹಳೆಯ ತಲೆಮಾರಿನ ಸ್ವಭಾವವಷ್ಟೇ ಎಂದು ತಳ್ಳಿಹಾಕಲಾಗುವುದಿಲ್ಲ.

ಇನ್ನೊಂದು ಗುಮಾನಿ: ಮಿದುಳು ಮಂಕಾಗಿ ಕಹಿ ತಟ್ಟುವುದಿಲ್ಲವೇನೋ. ಹಿರಿಯರು ಚಿತ್ರಗಳನ್ನು ನೋಡಿ ನೆನಪಿಸಿಕೊಳ್ಳುವಾಗ ಹಿತವಾದವು ಹೆಚ್ಚು ಉಳಿಯುತ್ತವೆ. ಮಾರಾ ಮೇದರ್ ಮತ್ತು ಮಾರಿಸಾ ನೈಟ್ 2005ರಲ್ಲಿ, ಚಿತ್ರ ನೋಡುವಾಗಲೇ ಇನ್ನೊಂದು ಕೆಲಸ ಕೊಟ್ಟು ಹಿರಿಯರ ಗಮನ ಒಡೆದರು. ಒಲವು ಹೊರಟುಹೋಯಿತು. ಮಂಕೇ ಕಾರಣವಾಗಿದ್ದರೆ ಗಮನ ಒಡೆದಾಗ ಅದು ಹೆಚ್ಚಬೇಕಿತ್ತು. ಮೇಲಾಗಿ ಈ ಒಲವು ಚುರುಕು ಬುದ್ಧಿಯ ಹಿರಿಯರಲ್ಲೇ ಹೆಚ್ಚಾಗಿ ಕಂಡಿತು. ಸಮಾಧಾನವೂ ಒಂದು ಕೆಲಸ. ಮನಸ್ಸು ಕೈಬಿಡುವಿದ್ದಾಗ ಮಾಡಿಕೊಳ್ಳುತ್ತದೆ.

ಹಾಗಾದರೆ ಹಿರಿಯರು ಕಷ್ಟದಿಂದ ದೂರ ಉಳಿಯುವ ಅನುಕೂಲ ಇರುವುದರಿಂದಲೇ ನೆಮ್ಮದಿಯಾಗಿರುತ್ತಾರೆಯೇ? 2020ರ ಏಪ್ರಿಲ್‌ನಲ್ಲಿ ಕೋವಿಡ್ ಎಲ್ಲರ ಬಾಗಿಲಿಗೂ ಬಂದಿತ್ತು, ಅಪಾಯ ಹಿರಿಯರಿಗೇ ಹೆಚ್ಚು. 18ರಿಂದ 76 ವರ್ಷದ 945 ಅಮೆರಿಕನ್ನರನ್ನು ಆಗ ಕೇಳಿದಾಗಲೂ ಹಿರಿಯರ ಮನಸ್ಥಿತಿಯೇ ಮೇಲಾಗಿತ್ತು.

ಆದರೂ ಇದನ್ನು ಎಲ್ಲ ಮುಪ್ಪಿಗೂ ಹೊಂದಿಸಬಾರದು. ತಪ್ಪಿಸಿಕೊಳ್ಳಲಾಗದ ಒತ್ತಡ ದಿನವೂ ಇದ್ದರೆ, ಅಂದರೆ ಹಾಸಿಗೆ ಹಿಡಿದ ಸಂಗಾತಿಯ ಆರೈಕೆ, ಬಿಡದ ನೋವು, ಇಂಥವಿದ್ದರೆ ಈ ಅನುಕೂಲ ಕರಗುತ್ತದೆ. ಏರಿದ ಎದೆಬಡಿತವನ್ನು ಮುದಿ ದೇಹ ಬೇಗ ಇಳಿಸಿಕೊಳ್ಳಲಾರದು ಎನ್ನುತ್ತಾರೆ ಸೂಸನ್ ಚಾರ್ಲ್ಸ್. ಹಳೆಯ ಸೋವಿಯತ್ ದೇಶಗಳಲ್ಲಿ ವಯಸ್ಸಾದಂತೆ ಬದುಕಿನ ತೃಪ್ತಿ ಕುಸಿಯುವುದನ್ನು 2015ರಲ್ಲಿ ಆಂಡ್ರ್ಯೂ ಸ್ಟೆಪ್ಟೋ, ಆಂಗಸ್ ಡೀಟನ್ ಮತ್ತು ಆರ್ಥರ್ ಸ್ಟೋನ್ ತೋರಿಸಿದರು. ಒಳವೃತ್ತದಲ್ಲಿ ಯಾರೂ ಉಳಿಯದವರಿಗೆ ಆರಿಸಿಕೊಳ್ಳಲು ಏನಿದೆ?

ಸಿಹಿಯ ಬೆಲೆ

ನನಗೆ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಮಾತ್ರ ಹಿತವಾದದ್ದರ ಕಡೆಗಿನ ಈ ಒಲವಿನ ಅಪಾಯವನ್ನು ಹೇಳುವ ಒಂದು ಅಧ್ಯಯನ. 2007ರಲ್ಲಿ ಕೊರಿನಾ ಲೋಕೆನ್‌ಹಾಫ್ ಮತ್ತು ಕಾರ್ಸ್ಟೆನ್ಸನ್, ವೈದ್ಯರ ಮತ್ತು ಆರೋಗ್ಯ ಯೋಜನೆಗಳ ಗುಣದೋಷಗಳನ್ನು ಜನರ ಮುಂದಿಟ್ಟು ಆರಿಸಲು ಹೇಳಿದರು. ಎಳೆಯರಿಗೆ ಹೋಲಿಸಿದರೆ ಹಿರಿಯರು ನೋಡಿದ್ದರಲ್ಲೂ ನೆನಪಿಟ್ಟಿದ್ದರಲ್ಲೂ ಗುಣಗಳ ಪಾಲೇ ಹೆಚ್ಚು. ಬರೀ ವಿವರಗಳ ಮೇಲೆ ಗಮನವಿಡಿ ಎಂದು ಹೇಳಿದಾಗ ಮಾತ್ರ ಈ ವ್ಯತ್ಯಾಸ ಅಳಿಯಿತು.

ಕಳೆದ ವರ್ಷ ದೊಡ್ಡಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆಯ ಮಾತು ಬಂತು. ವೈದ್ಯರು ಮುಕ್ಕಾಲು ಗಂಟೆ ವಿವರಿಸಿದರು, ಕೈಗೊಂದು ಕರಪತ್ರ ಕೊಟ್ಟರು. ಮನೆಗೆ ಬಂದು ಏನು ಹೇಳಿದರು ಎಂದು ಕೇಳಿದರೆ, "ಒಳ್ಳೆಯ ಹುಡುಗ. ಮೂರು ದಿನಕ್ಕೆ ನಡೆಸ್ತಾನಂತೆ" ಎಂದರು. ಸೋಂಕಿನ ಮಾತು, ತಿಂಗಳುಗಟ್ಟಲೆ ಮಾಡಬೇಕಾದ ನೋವಿನ ವ್ಯಾಯಾಮ, ಅವರ ಸಕ್ಕರೆ ಕಾಯಿಲೆಯ ತೊಡಕು, ಯಾವುದೂ ಉಳಿದಿರಲಿಲ್ಲ. ಮರೆವೆಂದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದೇ ಕೊಠಡಿಯ ಗೋಡೆಯ ಮೇಲಿದ್ದ ಚಿತ್ರದಲ್ಲಿ ಎಷ್ಟು ಹಕ್ಕಿಗಳಿದ್ದವೆಂದು ಅವರಿಗೆ ನೆನಪಿತ್ತು.

"ದೊಡ್ಡಮ್ಮ, ಇದು ನಿಮ್ಮ ಮಂಡಿ ಅಲ್ಲ ಅಂದ್ಕೊಳ್ಳಿ, ಚಿಕ್ಕಮ್ಮನದು. ನಾಳೆ ಮೂರು ಗಂಟೆಗೆ ಅವರಿಗೆ ಒಂದೊಂದೇ ವಿವರ ಹೇಳಬೇಕು, ಒಳ್ಳೆಯದೂ ಕೆಟ್ಟದ್ದೂ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕ ಹುಡುಕಿ ತಂದು, ಕರಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಪುಟದಿಂದ ಓದತೊಡಗಿದರು.