ಮೂರು ಸೆಕೆಂಡಿನಲ್ಲಿ ಎಷ್ಟು ಕನ್ನಡ?

ಇಂಗ್ಲಿಷ್ ಸಿನಿಮಾವೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಬೆಳಗಿನ ಹೊತ್ತು ಗಂಡ ಬಾಗಿಲಲ್ಲಿ ನಿಂತಿದ್ದಾನೆ. ರಾತ್ರಿ ಯಾಕೆ ಬರಲಿಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ ಮೂರು ಸೆಕೆಂಡಿನಲ್ಲಿ ಉತ್ತರ ಮುಗಿಸುತ್ತಾನೆ. ನೀವು ಒಂದು ಮಾತೂ ಬಿಡದೆ ಹೀಗೆ ಬರೆದಿರಿ: ‘ನಿನ್ನೆ ರಾತ್ರಿ ಮಳೆ ಬಂದಿದ್ದರಿಂದ ಬಸ್ಸು ಸಿಗಲಿಲ್ಲ, ಅದಕ್ಕೇ ನಾನು ಮನೆಗೆ ಬರಲು ತಡವಾಯಿತು’. ತಪ್ಪೇನೂ ಇಲ್ಲ. ಆದರೆ ತಂತ್ರಾಂಶ ಆ ಸಾಲಿಗೆ ಕೆಂಪು ಬಣ್ಣ ಬಳಿಯುತ್ತದೆ. ಓದುವ ವೇಗ ಸೆಕೆಂಡಿಗೆ ಸುಮಾರು 26 ಅಕ್ಷರ ಎಂದು ಅದರ ಲೆಕ್ಕ.

ಅಷ್ಟಾದರೆ ಹೆಚ್ಚೇ. ಯುರೋಪಿನ ಹಲವು ಭಾಷೆಗಳಿಗೆ ಸೆಕೆಂಡಿಗೆ 17ರ ಆಸುಪಾಸು ಮಿತಿ ಇಟ್ಟುಕೊಳ್ಳುವುದು ರೂಢಿ. ಹಾಗಾದರೆ ಕನ್ನಡದ ಓದುಗ ನಿಜವಾಗಿ 26 ಅಕ್ಷರ ಓದುತ್ತಿದ್ದಾನೆಯೇ?

ಇಲ್ಲ. ‘ಅಕ್ಷರ’ ಎಂದರೆ ನಮಗೊಂದು, ಕಂಪ್ಯೂಟರಿಗೆ ಇನ್ನೊಂದು. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಹೀಗೆ ಆರು ಸಂಕೇತ. ಸಂಕೇತ ಎಣಿಸುವ ತಂತ್ರಾಂಶದ ಕಣ್ಣಿಗೆ ಮೇಲಿನ ವಾಕ್ಯ, ಪದಗಳ ನಡುವಿನ ಖಾಲಿ ಜಾಗವೂ ಸೇರಿ, 77. ನಾವು ಓದುವಂತೆ ಎಣಿಸಿದರೆ 44, ಅಂದರೆ ಸೆಕೆಂಡಿಗೆ 15ಕ್ಕೂ ಕಡಿಮೆ. ನಿಮ್ಮ ತಂತ್ರಾಂಶ ಹೇಗೆ ಎಣಿಸುತ್ತದೆಂದು ತಿಳಿಯಲು ಖಾಲಿ ಸಾಲಿನಲ್ಲಿ ‘ಸ್ತ್ರೀ’ ಎಂದು ಬರೆದು ನೋಡಿ. 6 ಎಂದರೆ ಸಂಕೇತಗಳ ಎಣಿಕೆ. ಕೆಲವು ಕಡೆ 3 ಎಂದೂ ಬರುತ್ತದೆ. ವಿರಾಮ ಸಿಕ್ಕಲ್ಲೆಲ್ಲ ಅಕ್ಷರವನ್ನು ಕತ್ತರಿಸಿ ಎಣಿಸಿದ್ದರ ಫಲ ಅದು.

ಹಾಗೆಂದು ಕೆಂಪು ಬಣ್ಣವನ್ನು ತಳ್ಳಿಹಾಕುವಂತಿಲ್ಲ. ಒತ್ತಕ್ಷರವೊಂದು ಒಂದೇ ಅಕ್ಷರವಾದರೂ ಬಿಡಿ ‘ಸ’ದಷ್ಟು ಸಲೀಸಾಗಿ ಕಣ್ಣಿಗೆ ಸಿಗುವುದಿಲ್ಲ, ಸಣ್ಣ ಪರದೆಯಲ್ಲಂತೂ ಕೆಳಗಿನ ಒತ್ತು ಮಸುಕಾಗುತ್ತದೆ. ಜೊತೆಗೆ ನೋಡುಗ ಬರೀ ಓದಲು ಕುಳಿತವನಲ್ಲ, ನಟನ ಮುಖವನ್ನೂ ನೋಡಬೇಕು. ಹಾಗಾಗಿ ನನ್ನ ಪ್ರಕಾರ ಈ ವಾಕ್ಯ ಇನ್ನೂ ಇಳಿಯಬೇಕು. ‘ನಿನ್ನೆ’ ಬೇಡ, ಪ್ರಶ್ನೆಯಲ್ಲೇ ಇದೆ. ‘ನಾನು’ ಬೇಡ, ಎದುರಿಗೇ ನಿಂತಿದ್ದಾನೆ. ‘ಮನೆಗೆ ಬರಲು’ ಕೂಡ ಬೇಡ, ಬಾಗಿಲು ಕಾಣುತ್ತಿದೆ. ‘ಬಂದಿದ್ದರಿಂದ’ ಒಂದೇ ಹನ್ನೊಂದು ಸಂಕೇತ ನುಂಗುತ್ತದೆ. ಅದನ್ನು ಮುರಿದು ‘ಬಂತು’ ಎಂದರೆ ಸಾಕು.

```
41
00:12:07,200 --> 00:12:10,700
ರಾತ್ರಿ ಮಳೆ ಬಂತು, ಬಸ್ಸು ಸಿಗಲಿಲ್ಲ.
ಅದಕ್ಕೇ ತಡವಾಯಿತು.
```

ಈಗ ಒಟ್ಟು 49 ಸಂಕೇತ, ನಮ್ಮ ಲೆಕ್ಕಕ್ಕೆ 29. ಮಾತು 10,200ಕ್ಕೆ ಮುಗಿದರೂ ಸಾಲನ್ನು ಅರ್ಧ ಸೆಕೆಂಡು ಹೆಚ್ಚು ನಿಲ್ಲಿಸಿದ್ದೇನೆ, ಹೆಂಡತಿಯ ಮಾತು 11,000ಕ್ಕೆ ಶುರುವಾಗುವುದರಿಂದ ಜಾಗವಿತ್ತು. ವೇಗ 26ರಿಂದ 14ಕ್ಕೆ ಬಂತು. ‘ತಡವಾಯ್ತು’ ಎಂದು ಬರೆದಿದ್ದರೆ? ತಂತ್ರಾಂಶಕ್ಕೆ ಆಗಲೂ ಅದು ಎಂಟೇ ಸಂಕೇತ, ಓದುವವನಿಗೆ ಮಾತ್ರ ಒಂದು ಅಕ್ಷರ ಉಳಿತಾಯ. ಮನೆಮಾತಿನ ದೃಶ್ಯಕ್ಕೆ ನಾನು ಅದನ್ನೇ ಆರಿಸುತ್ತೇನೆ.

ನಿಲ್ಲಿಸುವುದಕ್ಕೂ ಎರಡು ತುದಿಗಳಿವೆ. ‘ಹೂಂ’ ಅನ್ನುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೂ ಅದರ ಸಾಲು ಸೆಕೆಂಡಿನ ಆರರಲ್ಲಿ ಐದು ಭಾಗವಾದರೂ ಇರಬೇಕು ಎನ್ನುತ್ತದೆ ನೆಟ್‌ಫ್ಲಿಕ್ಸ್‌ನ ನಿಯಮ. ಹೆಚ್ಚೆಂದರೆ 7 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ನೋಡುಗ ಓದಿದ್ದನ್ನೇ ಮತ್ತೆ ಓದತೊಡಗುತ್ತಾನೆ. ಒಂದರ ಬೆನ್ನಿಗೇ ಇನ್ನೊಂದು ಬರುವಾಗ ನಡುವೆ ಎರಡು ಫ್ರೇಮಿನಷ್ಟು ಖಾಲಿ ಬಿಡಬೇಕು. ಬಿಡದಿದ್ದರೆ ಬರಹ ಬದಲಾದದ್ದೇ ಕಣ್ಣಿಗೆ ಗೊತ್ತಾಗುವುದಿಲ್ಲ.

ಇನ್ನು ಸಾಲು ಎಲ್ಲಿ ಮುರಿಯಬೇಕು? ಉದ್ದ ಸಮನಾಗಿ ಕಾಣಲೆಂದು ‘ರಾತ್ರಿ ಮಳೆ ಬಂತು, ಬಸ್ಸು’ ಎಂದು ನಿಲ್ಲಿಸಿ ‘ಸಿಗಲಿಲ್ಲ’ವನ್ನು ಕೆಳಗೆ ಹಾಕುವವರಿದ್ದಾರೆ. ಕನ್ನಡದಲ್ಲಿ ಹೌದೋ ಅಲ್ಲವೋ ತಿಳಿಯುವುದು ಕ್ರಿಯಾಪದದ ಕೊನೆಯಲ್ಲಿ. ಬಸ್ಸು ಸಿಕ್ಕಿತೇ ಎಂಬ ಅನುಮಾನದಲ್ಲಿ ಕಣ್ಣು ಕೆಳಕ್ಕೆ ಜಿಗಿಯುತ್ತದೆ. ಅದೇ ವಾಕ್ಯ ಎರಡು ಬೇರೆ ಸಬ್‌ಟೈಟಲ್‌ಗಳಲ್ಲಿ ಒಡೆದರಂತೂ ಆ ಅನುಮಾನ ಸೆಕೆಂಡುಗಟ್ಟಲೆ ಉಳಿಯುತ್ತದೆ. ಕ್ರಿಯಾಪದವನ್ನು ಅದರ ಕರ್ತೃವಿನಿಂದ, ‘ಹಳೇ ಮನೆ’ಯಂಥ ಜೋಡಿಯನ್ನು ಒಂದರಿಂದೊಂದು ಅಗಲಿಸಬೇಡಿ. ಒಂದು ಸಾಲು ಉದ್ದ, ಇನ್ನೊಂದು ಗಿಡ್ಡ ಆದರೆ ಆಗಲಿ.

ಕೆಲಸ ಮುಗಿದ ಮೇಲೆ ನೀವೇ ನೋಡಿ ತೀರ್ಮಾನಿಸಬೇಡಿ, ಮಾತೆಲ್ಲ ನಿಮಗೆ ಬಾಯಿಪಾಠವಾಗಿರುತ್ತದೆ. ಸಿನಿಮಾ ನೋಡದ ಒಬ್ಬರನ್ನು ಕೂರಿಸಿ, ದನಿ ಮುಚ್ಚಿ, ಅವರ ಕಣ್ಣನ್ನು ಗಮನಿಸಿ. ಪ್ರತಿ ಸಾಲೂ ಮಾಯವಾಗುವವರೆಗೆ ಪರದೆಯ ತಳದಲ್ಲೇ ಅಂಟಿಕೊಂಡಿದ್ದರೆ ಇನ್ನಷ್ಟು ಪದ ಕಿತ್ತುಹಾಕಿ.