ಪಹಣಿಯಲ್ಲಿ ಮಗಳ ಹೆಸರಿಲ್ಲ: ಉಪವಿಭಾಗಾಧಿಕಾರಿಗೆ ಮೇಲ್ಮನವಿ ಬರೆಯುವುದು ಹೇಗೆ?

ತಂದೆ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಹಳ್ಳಿಗಳಲ್ಲಿ ಪೌತಿ ಖಾತೆ ಎನ್ನುತ್ತಾರೆ. ಗಂಡುಮಕ್ಕಳು ಅರ್ಜಿ ಕೊಡುತ್ತಾರೆ, ವಂಶವೃಕ್ಷ ಬರೆಸುತ್ತಾರೆ, ಮದುವೆಯಾಗಿ ಹೋದ ಮಗಳ ಹೆಸರು ಅದರಲ್ಲಿ ಇರುವುದಿಲ್ಲ. ಸುದ್ದಿ ತಿಳಿದು ಆಕೆ ತಕರಾರು ಸಲ್ಲಿಸಿದರೂ ತಹಶೀಲ್ದಾರರು ಅದನ್ನು ತಳ್ಳಿಹಾಕಿ ಅಣ್ಣತಮ್ಮಂದಿರ ಹೆಸರಿಗೆ ಮ್ಯುಟೇಶನ್ ಮಾಡಿಬಿಟ್ಟರೆ ಮುಂದೇನು? ಕರ್ನಾಟಕ ಭೂಕಂದಾಯ ಕಾಯ್ದೆ 1964ರ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ, ಜನರ ಮಾತಿನಲ್ಲಿ ಎ.ಸಿ.ಯವರಿಗೆ, ಮೇಲ್ಮನವಿ ಸಲ್ಲಿಸಬಹುದು. ಸುಮ್ಮನಿದ್ದರೆ ನಷ್ಟವೇ ಹೆಚ್ಚು. ಅದೇ ಕಾಯ್ದೆಯ 133ನೇ ಕಲಮಿನ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯ ನಮೂದನ್ನು ನಿಜವೆಂದೇ ಭಾವಿಸಬೇಕು.

ಮೊದಲು ಗಮನಿಸಬೇಕಾದದ್ದು ಅವಧಿ. ಆದೇಶ ತಿಳಿಸಲ್ಪಟ್ಟ ದಿನದಿಂದ, ಇಲ್ಲವೇ ನಮೂದು ತಿಳಿದುಬಂದ ದಿನದಿಂದ 60 ದಿನ. ಮಾರ್ಚ್ 12ರಂದು ಆದೇಶ ಕೈಗೆ ಬಂದಿದ್ದರೆ ಮೇ 11 ಕೊನೆಯ ದಿನ. ಆದ್ದರಿಂದ ತಾಲ್ಲೂಕು ಕಚೇರಿಯಿಂದ ದೃಢೀಕೃತ ನಕಲು ಪಡೆದಾಗ ಅರ್ಜಿ ಕೊಟ್ಟ ದಿನ, ನಕಲು ಕೊಟ್ಟ ದಿನ ಎರಡೂ ಅದರ ಮೇಲೆ ಬರೆದಿವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಗಡುವು ಮೀರಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ ಪ್ರತ್ಯೇಕವಾಗಿ ಕೊಡಬೇಕು. ತಡ ಏಕಾಯಿತು ಎಂಬುದನ್ನು ತಾರೀಖುಗಳ ಸಮೇತ ಹೇಳಬೇಕು. ಅನಾರೋಗ್ಯವೆಂದರೆ ಆಸ್ಪತ್ರೆಯ ಚೀಟಿ ಜೊತೆಗಿರಬೇಕು.

ಇನ್ನು ಮೇಲ್ಮನವಿಯ ಜೀವಾಳ, ಅದರ ಆಧಾರಗಳು. ಎಷ್ಟೋ ಮೇಲ್ಮನವಿಗಳಲ್ಲಿ ಮೊದಲ ಆಧಾರ ಹೀಗಿರುತ್ತದೆ: 'ಕೆಳಗಿನ ಅಧಿಕಾರಿಯ ಆದೇಶವು ಕಾನೂನು ಮತ್ತು ವಾಸ್ತವಾಂಶಗಳಿಗೆ ವಿರುದ್ಧವಾಗಿದ್ದು ರದ್ದತಿಗೆ ಅರ್ಹವಾಗಿದೆ.' ಇದನ್ನು ಯಾವ ಆದೇಶದ ಮೇಲೆ ಬೇಕಾದರೂ ಬರೆಯಬಹುದು, ಆದ್ದರಿಂದಲೇ ಇದು ಯಾವ ಆದೇಶವನ್ನೂ ಅಲುಗಾಡಿಸುವುದಿಲ್ಲ. ವಿಚಾರಣೆ ಮಾಡುವ ಅಧಿಕಾರಿಗೆ ಬೇಕಾಗಿರುವುದು ಇಷ್ಟೇ: ತಪ್ಪು ಯಾವುದು, ಕಡತದಲ್ಲಿ ಅದು ಎಲ್ಲಿದೆ, ಯಾವ ನಿಯಮಕ್ಕೆ ವಿರುದ್ಧ, ಅದರಿಂದ ತೀರ್ಮಾನ ಹೇಗೆ ಕೆಟ್ಟಿತು. ಒಂದು ಅಂಕಿಯ ಕೆಳಗೆ ಒಂದೇ ತಪ್ಪು ಇದ್ದರೆ ಅವರು ಪ್ರತಿಯೊಂದಕ್ಕೂ ಉತ್ತರ ಬರೆಯಬೇಕಾಗುತ್ತದೆ. ಐದು ಮಾತುಗಳನ್ನು ಒಂದೇ ಪ್ಯಾರಾದಲ್ಲಿ ತುಂಬಿದರೆ ದುರ್ಬಲವಾದದ್ದಕ್ಕೆ ಉತ್ತರ ಬಂದು, ಗಟ್ಟಿಯಾದದ್ದು ಹಾಗೆಯೇ ಉಳಿದುಹೋಗುವ ಸಂಭವವಿದೆ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ತಂದೆ ದುಡಿದು ಕೊಂಡ ನಾಲ್ಕು ಎಕರೆ ಜಮೀನು. ಅವರು ಹಿಂದೂ, ಉಯಿಲು ಬರೆಯದೆ ತೀರಿಕೊಂಡರು. ಅವರ ತಾಯಿ ಮೊದಲೇ ತೀರಿಹೋಗಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಆದೇಶದಲ್ಲಿ ತಹಶೀಲ್ದಾರರು ಕೊಟ್ಟ ಕಾರಣಗಳು ಮೂರು: ವಿಚಾರಣೆಗೆ ಮಗಳು ಬರಲಿಲ್ಲ, ಮದುವೆಯಲ್ಲಿ ಆಕೆಗೆ ಒಡವೆ ಕೊಟ್ಟಾಗಿದೆ, ಪಾಲು ಬೇಡವೆಂದು ಆಕೆ ಕಾಗದ ಬರೆದುಕೊಟ್ಟಿದ್ದಾಳೆ. ಮೇಲ್ಮನವಿಯ ಆಧಾರಗಳು ಹೀಗೆ ಬರಬಹುದು:

1. ವಿಚಾರಣೆಯ ನೋಟಿಸನ್ನು ತವರಿನ ವಿಳಾಸಕ್ಕೆ ಕಳಿಸಿ, ಎದುರುದಾರನಾದ ಅಣ್ಣನಿಂದಲೇ ಸಹಿ ಪಡೆಯಲಾಗಿದೆ (ಕಡತದ ಪುಟ 14). ತಕರಾರು ಅರ್ಜಿಯಲ್ಲಿ ಮೇಲ್ಮನವಿದಾರಳ ಈಗಿನ ವಿಳಾಸ ಸ್ಪಷ್ಟವಾಗಿದೆ (ಪುಟ 9). ಆದ್ದರಿಂದ ಆಕೆಗೆ ಅಹವಾಲು ಹೇಳಿಕೊಳ್ಳುವ ಅವಕಾಶವೇ ಸಿಕ್ಕಿಲ್ಲ.

2. ವಂಶವೃಕ್ಷದಲ್ಲಿ ಮೇಲ್ಮನವಿದಾರಳ ಹೆಸರನ್ನು ಬಿಡಲಾಗಿದೆ. ಆಕೆ ಮೃತರ ಮಗಳೆಂಬುದಕ್ಕೆ ಶಾಲಾ ವರ್ಗಾವಣೆ ಪತ್ರವನ್ನು ತಕರಾರಿನ ಜೊತೆ ಹಾಜರುಪಡಿಸಿದ್ದರೂ ಆದೇಶದಲ್ಲಿ ಅದರ ಪ್ರಸ್ತಾಪವೇ ಇಲ್ಲ.

3. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 8ನೇ ಕಲಮಿನಂತೆ ಹೆಂಡತಿ, ಗಂಡುಮಕ್ಕಳು, ಮಗಳು ಮೊದಲ ವರ್ಗದ ವಾರಸುದಾರರು. ಮದುವೆಯಾದ ಅಥವಾ ಒಡವೆ ಪಡೆದ ಕಾರಣಕ್ಕೆ ಮಗಳ ಹಕ್ಕು ಹೋಗುತ್ತದೆಂದು ಆ ಕಾಯ್ದೆ ಹೇಳುವುದಿಲ್ಲ.

4. ಹಕ್ಕು ಬಿಟ್ಟುಕೊಟ್ಟಿದ್ದೆಂದು ತೋರಿಸಿದ ಕಾಗದ ನೋಂದಣಿಯಾಗಿಲ್ಲ. ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರಕ್ಕೆ ನೋಂದಣಿ ಕಾಯ್ದೆ 1908ರ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ಅದನ್ನು ನಂಬಿ ಆಕೆಯ ಹೆಸರು ಕೈಬಿಟ್ಟಿದ್ದು ತಪ್ಪು.

ಅಣ್ಣಂದಿರು ಅನ್ಯಾಯ ಮಾಡಿದರು, ಅಮ್ಮನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಮಾತು ಇಲ್ಲಿ ಎಲ್ಲೂ ಬಂದಿಲ್ಲ. ಆ ನೋವು ನಿಜವೇ ಇರಬಹುದು. ಆದರೆ ಮೇಲ್ಮನವಿ ಹೋಗುವುದು ಆದೇಶದ ಮೇಲೆ, ಅಣ್ಣಂದಿರ ನಡತೆಯ ಮೇಲಲ್ಲ. ಮನೆಯ ಹಿನ್ನೆಲೆ ಬೇಕೆನಿಸಿದರೆ ಆಧಾರಗಳಿಗಿಂತ ಮುಂಚೆ, 'ಪ್ರಕರಣದ ಸಂಗತಿಗಳು' ಎಂಬಲ್ಲಿ, ತಾರೀಖಿನ ಕ್ರಮದಲ್ಲಿ ಚಿಕ್ಕದಾಗಿ ಬರೆದರೆ ಸಾಕು. ಇನ್ನೊಂದು ಮಾತು: ಜಮೀನು ಪಿತ್ರಾರ್ಜಿತವಾಗಿದ್ದರೆ ಮೂರನೇ ಆಧಾರ ಬದಲಾಗುತ್ತದೆ. ಆಗ ನೆಲೆ ಅದೇ ಕಾಯ್ದೆಯ 6ನೇ ಕಲಮು. 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಆಗಿಹೋಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಹಾಗಾಗಿ ಜಮೀನು ತಂದೆಗೆ ಬಂದದ್ದು ಹೇಗೆ ಎಂಬ ಹಳೆಯ ಪತ್ರವನ್ನು ನೋಡದೆ ಆಧಾರ ಬರೆಯಲು ಕೂರಬಾರದು.

ಕೋರಿಕೆಯೂ ಅಷ್ಟೇ ಖಚಿತವಾಗಿರಬೇಕು. 'ನ್ಯಾಯ ದೊರಕಿಸಿಕೊಡಿ' ಎಂದು ಬರೆದರೆ ಅಧಿಕಾರಿ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಇಂಥ ದಿನಾಂಕದ ಆದೇಶವನ್ನೂ ಇಂಥ ಎಂ.ಆರ್. ಸಂಖ್ಯೆಯ ಮ್ಯುಟೇಶನ್ನನ್ನೂ ರದ್ದುಪಡಿಸಿ, ನಾಲ್ವರು ವಾರಸುದಾರರ ಹೆಸರನ್ನೂ ಜಂಟಿಯಾಗಿ ನಮೂದಿಸಲು ಆದೇಶಿಸಬೇಕು; ಅದು ಆಗದಿದ್ದರೆ, ನೋಟಿಸ್ ಕೊಟ್ಟು ಮರುವಿಚಾರಣೆ ಮಾಡಲು ಪ್ರಕರಣವನ್ನು ತಹಶೀಲ್ದಾರರಿಗೆ ವಾಪಸ್ ಕಳಿಸಬೇಕು, ಎಂದು ಎರಡನ್ನೂ ಬರೆಯುವುದು ಕ್ಷೇಮ. ನಮ್ಮ ಪ್ರಕರಣದಲ್ಲಿ ನೋಟಿಸಿನ ಲೋಪ ಎದ್ದುಕಾಣುವುದರಿಂದ ಎರಡನೆಯದೇ ಸಿಗುವ ಸಾಧ್ಯತೆ ಹೆಚ್ಚು. ಅಣ್ಣಂದಿರ ಜೊತೆಗೆ ತಾಯಿಯನ್ನೂ ಎದುರುದಾರಳಾಗಿ ಸೇರಿಸಬೇಕು. ಆಕೆಯೊಂದಿಗೆ ಜಗಳವಿಲ್ಲ ನಿಜ, ಆದರೆ ಆಕೆಯ ಹಕ್ಕೂ ಈ ಆದೇಶದಲ್ಲಿ ತೀರ್ಮಾನವಾಗುತ್ತದೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆಯೇ ಅರ್ಜಿ ಕೊಡಬೇಕು. ಎ.ಸಿ.ಯವರ ತಡೆ ಕಂದಾಯ ದಾಖಲೆಗೆ ಸಂಬಂಧಿಸಿದ್ದು. ಅಣ್ಣಂದಿರು ಜಮೀನನ್ನೇ ಮಾರಲು ಹೊರಟಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಪಾಲುದಾವೆ ಹೂಡಿ, ಪ್ರತಿಬಂಧಕಾಜ್ಞೆ ಕೇಳಬೇಕು.

ಉಪವಿಭಾಗಾಧಿಕಾರಿಯೂ ಒಪ್ಪದಿದ್ದರೆ 136(3)ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಪುನರ್‌ಪರಿಶೀಲನಾ ಅರ್ಜಿ, ಅದಾದ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಎಂಬ ದಾರಿಗಳಿವೆ. ಆದರೆ ಈ ಕಂದಾಯ ಅಧಿಕಾರಿಗಳಲ್ಲಿ ಯಾರೂ ಜಮೀನಿನ ಒಡೆತನವನ್ನು ಅಂತಿಮವಾಗಿ ತೀರ್ಮಾನಿಸಲಾರರು; ಮ್ಯುಟೇಶನ್ನಿನಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಮೇಲ್ಮನವಿಯಲ್ಲಿ ಸೋತರೂ ಮಗಳ ಪಾಲು ಮುಗಿದುಹೋಯಿತೆಂದು ಅರ್ಥವಲ್ಲ. ಹಕ್ಕು ಘೋಷಣೆಗಾಗಿ ದಾವೆ ಹೂಡಲು 135ನೇ ಕಲಮಿನ ಪರಂತುಕ ಅವಕಾಶ ಕೊಟ್ಟಿದೆ, ಆ ದಾವೆಯ ತೀರ್ಪಿನಂತೆ ಪಹಣಿಯನ್ನು ತಿದ್ದಲೇಬೇಕು.