ಹಾಲಿನ ಲೆಕ್ಕದ ಪಕ್ಕದ ಚುಕ್ಕೆ

ನಮ್ಮ ಅತ್ತಿಗೆಯ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಬಗೆಯ ಗುರುತುಗಳಿರುತ್ತವೆ. ಹಾಲು ಹೆಚ್ಚು ತೆಗೆದುಕೊಂಡ ದಿನ ‘ಅರ್ಧ’, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ‘ಗ್ಯಾ’, ತಿಂಗಳಿಗೊಂದು ದಿನ ತಾರೀಖಿನ ಕೆಳಗೆ ಕೆಂಪು ಪೆನ್ನಿನ ಸಣ್ಣ ಚುಕ್ಕೆ. ಆ ಚುಕ್ಕೆ ಏನೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹಳೆಯ ಕ್ಯಾಲೆಂಡರುಗಳನ್ನು ಅವರು ಬಿಸಾಡುವವರಲ್ಲ. ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುವ ಕಾಲ ಮುಗಿದ ಮೇಲೂ ಅವು ಅಟ್ಟದ ಮೇಲೇ ಇದ್ದವು. ಹಾಗಾಗಿ ಒಬ್ಬ ಹೆಂಗಸಿನ ನಲವತ್ತರ ದಶಕ ಹೇಗೆ ಸಾಗಿತೆಂದು ತಾರೀಖು ಸಮೇತ ಓದುವ ಅವಕಾಶ ನನಗೆ ಸಿಕ್ಕಿತು.

2021ರಲ್ಲಿ ಅವರಿಗೆ 45. ಆ ವರ್ಷದ ಚುಕ್ಕೆಗಳು ಹೀಗಿವೆ: ಜನವರಿ 5, ಜನವರಿ 31, ಫೆಬ್ರವರಿ 25, ಮಾರ್ಚ್ 23, ಏಪ್ರಿಲ್ 27, ಮೇ 21, ಜೂನ್ 17, ಜುಲೈ 23. ಮುಟ್ಟು ಶುರುವಾದ ದಿನದಿಂದ ಮುಂದಿನ ಸಲ ಶುರುವಾಗುವ ದಿನದವರೆಗೆ ಎಣಿಸಿದರೆ 26, 25, 26, 35, 24, 27, 36 ದಿನ. ಆಗಸ್ಟಿನಲ್ಲಿ ಬೇರೇನೋ ಕಾರಣಕ್ಕೆ ವೈದ್ಯರ ಬಳಿ ಹೋದಾಗ “ಮುಟ್ಟು ಸರಿಯಾಗಿ ಆಗುತ್ತಾ?” ಎಂಬ ಪ್ರಶ್ನೆಗೆ ಅತ್ತಿಗೆ “ತಿಂಗಳು ತಿಂಗಳು ಸರಿಯಾಗೇ ಆಗುತ್ತೆ” ಎಂದಿದ್ದರು. ಸುಳ್ಳೇನಲ್ಲ. ಏಳು ಚಕ್ರಗಳ ಸರಾಸರಿ ತೆಗೆದರೆ 28 ದಿನವೇ ಬರುತ್ತದೆ. ಒಂದೊಂದನ್ನೇ ನೋಡಿದರೂ ವೈದ್ಯರು ಸಹಜವೆನ್ನುವ 24ರಿಂದ 38 ದಿನಗಳ ಒಳಗೇ ಇವೆ. ಆದರೂ ಆ ವರ್ಷದ ಮಾರ್ಚ್‌ನಲ್ಲಿ ಅವರು ಒಂದು ಹೊಸಿಲು ದಾಟಿದ್ದರು. ಸರಾಸರಿಯಲ್ಲಿ ಅದು ಕಾಣುವುದಿಲ್ಲ. ಅಕ್ಕಪಕ್ಕದ ಎರಡು ಚಕ್ರಗಳನ್ನು ಹೋಲಿಸಬೇಕು. 26 ದಿನದ ಹಿಂದೆಯೇ 35 ದಿನ ಬಂದಿದೆ, ಒಂಬತ್ತು ದಿನದ ವ್ಯತ್ಯಾಸ. 35ರ ಹಿಂದೆ 24, ಹನ್ನೊಂದು. 27ರ ಹಿಂದೆ 36, ಮತ್ತೆ ಒಂಬತ್ತು.

ಈ ಹೊಸಿಲನ್ನು ಗುರುತು ಹಾಕಿದವರು 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಸೇರಿದ್ದ ತಜ್ಞರು. ಅದುವರೆಗೆ ‘ಮುಟ್ಟು ನಿಲ್ಲುವ ಕಾಲ’ ಎಂದರೆ ಒಬ್ಬೊಬ್ಬ ವೈದ್ಯರಿಗೆ ಒಂದೊಂದು ಅರ್ಥವಿತ್ತು. ಅವರು ಹೆಣ್ಣಿನ ಅಂಡಾಶಯದ ಆಯುಷ್ಯವನ್ನು ಹಂತಗಳಾಗಿ ಭಾಗ ಮಾಡಿದರು. ಕೊನೆಯ ಮುಟ್ಟನ್ನು ಸೊನ್ನೆ ಎಂದು ಇಟ್ಟುಕೊಂಡು, ಅದಕ್ಕೆ ಹಿಂದಿನ ಹಂತಗಳಿಗೆ ಋಣ ಸಂಖ್ಯೆ, ಮುಂದಿನವಕ್ಕೆ ಧನ ಸಂಖ್ಯೆ. ಆ ಕಾರ್ಯಾಗಾರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಈ ಏಣಿಗೆ ‘ಸ್ಟ್ರಾ’ ಎಂಬ ಹೆಸರು ಬಂತು. ಹತ್ತು ವರ್ಷದ ನಂತರ ತಿದ್ದುಪಡಿಯೂ ಆಯಿತು. ಇದರಲ್ಲಿ ನನಗೆ ಇಷ್ಟವಾದದ್ದು, ಹಂತ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಮುಖ್ಯವಾಗಿ ಮುಟ್ಟಿನ ತಾರೀಖಿನಿಂದ. ರಕ್ತಪರೀಕ್ಷೆ ಇಲ್ಲಿ ಪಕ್ಕವಾದ್ಯ ಮಾತ್ರ.

ಸೊನ್ನೆಗೆ ಮೂರು ಮೆಟ್ಟಿಲು ಹಿಂದಿನಿಂದ ನೋಡೋಣ. ಅತ್ತಿಗೆಯ 2014ರ ಕ್ಯಾಲೆಂಡರಿನಲ್ಲಿ ಚಕ್ರ 28, 29, 28. 2019ರ ಹೊತ್ತಿಗೆ 26, 25, 26. ಏರುಪೇರಿಲ್ಲ, ಆದರೆ ಇಡೀ ಚಕ್ರವೇ ಎರಡು ಮೂರು ದಿನ ಕುಗ್ಗಿದೆ. “ವರ್ಷಕ್ಕೆ ಹದಿನಾಲ್ಕು ಸಲ ಆಗೋಕೆ ಶುರುವಾಗಿತ್ತು ಕಣೇ, ನಾನು ಎಣಿಸೋದ್ರಲ್ಲೇ ತಪ್ಪಾಯ್ತೇನೋ ಅಂದ್ಕೊಂಡೆ” ಎಂದರು ಅತ್ತಿಗೆ. ಎಣಿಕೆ ಸರಿಯಾಗೇ ಇತ್ತು. ನಲವತ್ತರ ಆಚೀಚೆ ಬಹಳ ಹೆಂಗಸರಲ್ಲಿ ಮೊದಲು ಆಗುವ ಬದಲಾವಣೆ ಇದೇ. ಮುಟ್ಟು ನಿಲ್ಲುವ ಮುನ್ನ ತಡವಾಗುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ, ತಡವಾಗುವ ಮುಂಚೆ ಅದು ಬೇಗ ಬರುತ್ತದೆ ಎಂದು ಹೇಳಿದವರು ಕಡಿಮೆ.

ಏಕೆ ಬೇಗ? ಹೆಣ್ಣುಮಗು ಹುಟ್ಟುವಾಗ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡದ ಕಿರುಚೀಲಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಜೀವಮಾನದಲ್ಲಿ ಹೊರಬೀಳುವ ಅಂಡಗಳು ನಾನೂರರ ಆಸುಪಾಸು ಅಷ್ಟೆ, ಉಳಿದವು ಅಲ್ಲೇ ಕರಗಿಹೋಗುತ್ತವೆ. ಈ ಚೀಲಗಳ ಗುಂಪು ಪ್ರತಿ ತಿಂಗಳು ಇನ್‌ಹಿಬಿನ್ ಎಂಬ ಸಂದೇಶವನ್ನು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತಿರುತ್ತದೆ: ಸಾಕು, ಇನ್ನು ಎಫ್‌ಎಸ್‌ಎಚ್ ಸುರಿಯಬೇಡ. ಎಫ್‌ಎಸ್‌ಎಚ್ ಎಂದರೆ ಅಂಡದ ಚೀಲವನ್ನು ಬೆಳೆಸುವ ಹಾರ್ಮೋನು. ಚೀಲಗಳು ಕಡಿಮೆಯಾದಂತೆ ‘ಸಾಕು’ ಎನ್ನುವ ದನಿ ಕ್ಷೀಣಿಸುತ್ತದೆ, ಎಫ್‌ಎಸ್‌ಎಚ್ ಏರುತ್ತದೆ. ಆಗ ಮುಂದಿನ ತಿಂಗಳ ಅಂಡ ಅವಸರದಲ್ಲಿ, ಕೆಲವೊಮ್ಮೆ ಹಿಂದಿನ ಮುಟ್ಟು ಬರುವ ಮೊದಲೇ, ಬೆಳೆಯಲು ಶುರುಮಾಡುತ್ತದೆ. ಅಂಡ ಬಿಡುಗಡೆಯಾದ ಮೇಲಿನ ಎರಡು ವಾರದಲ್ಲಿ ಅಷ್ಟು ವ್ಯತ್ಯಾಸವಾಗುವುದಿಲ್ಲ. ಅದಕ್ಕೆ ಮುಂಚಿನ ಭಾಗ ಕುಗ್ಗುತ್ತದೆ, 28 ಹೋಗಿ 25 ಆಗುತ್ತದೆ.

ಮುಂದಿನ ಮೆಟ್ಟಿಲು ಅತ್ತಿಗೆ 2021ರಲ್ಲಿ ಹತ್ತಿದ್ದು. ಅಕ್ಕಪಕ್ಕದ ಚಕ್ರಗಳ ನಡುವೆ ಏಳು ದಿನ ಅಥವಾ ಹೆಚ್ಚು ವ್ಯತ್ಯಾಸ, ಅದೂ ಒಮ್ಮೆ ಆಗಿ ಬಿಟ್ಟರೆ ಲೆಕ್ಕಕ್ಕಿಲ್ಲ, ಹತ್ತು ಚಕ್ರಗಳೊಳಗೆ ಮತ್ತೆ ಆಗಬೇಕು. ಮದುವೆ ಓಡಾಟ, ಜ್ವರ, ನಿದ್ದೆಗೇಡು ಯಾವ ವಯಸ್ಸಿನಲ್ಲೂ ಒಂದು ತಿಂಗಳನ್ನು ಕೆಡಿಸಬಹುದು, ಅದಕ್ಕೇ ಈ ಷರತ್ತು. ಇದು ಸ್ಥಿತ್ಯಂತರದ ಮೊದಲರ್ಧ. ಎರಡನೆಯ ಅರ್ಧದ ಗುರುತು ಇನ್ನೂ ಸುಲಭ: ಅರವತ್ತು ದಿನ ಅಥವಾ ಹೆಚ್ಚು ಕಾಲ ಮುಟ್ಟೇ ಇಲ್ಲದಿರುವುದು. ಅತ್ತಿಗೆಗೆ ಅದು ಬಂದದ್ದು 2023ರಲ್ಲಿ. ಫೆಬ್ರವರಿ 14ರ ನಂತರದ ಚುಕ್ಕೆ ಏಪ್ರಿಲ್ 23ಕ್ಕೆ, ನಡುವೆ 68 ದಿನ. ಇಲ್ಲಿಂದ ಕೊನೆಯ ಮುಟ್ಟಿಗೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ.

ಅರವತ್ತು ದಿನ ಕಳೆದಾಗ ಅವರು ಮೊದಲು ಮಾಡಬೇಕಿದ್ದ ಕೆಲಸ ಔಷಧಿ ಅಂಗಡಿಯಿಂದ ಗರ್ಭಪರೀಕ್ಷೆಯ ಪಟ್ಟಿ ತರುವುದು. ನಾನು ಹೇಳಿದಾಗ “ಈ ವಯಸ್ಸಲ್ಲಿ? ನಾಚಿಕೆಗೇಡು” ಎಂದು ನಕ್ಕರು. ನಗುವ ಮಾತಲ್ಲ. ಈ ಹಂತದಲ್ಲೂ ಯಾವುದೋ ತಿಂಗಳು ಅಂಡ ಹೊರಬೀಳುತ್ತದೆ. ಐವತ್ತರ ಒಳಗಿನವರಾದರೆ ಕೊನೆಯ ಮುಟ್ಟಾಗಿ ಎರಡು ವರ್ಷ, ಐವತ್ತು ದಾಟಿದ್ದರೆ ಒಂದು ವರ್ಷ ಗರ್ಭನಿರೋಧ ಬೇಕೆಂದು ವೈದ್ಯರು ಹೇಳುವುದು ಅದಕ್ಕೇ. ಅವರು ಬದಲಿಗೆ ಲ್ಯಾಬಿಗೆ ಹೋಗಿ ಎಫ್‌ಎಸ್‌ಎಚ್ ಮಾಡಿಸಿ ಬಂದರು, 31. ಈ ಹಂತದಲ್ಲಿ 25 ದಾಟುವುದು ನಿರೀಕ್ಷಿತವೇ. ಆದರೆ ಅದೇ ಹೆಂಗಸಿಗೆ ಮುಂದಿನ ತಿಂಗಳು ಒಂದಂಕಿಯೂ ಬರಬಹುದು, ಅಷ್ಟು ಏರಿಳಿಯುತ್ತದೆ. 45 ದಾಟಿದವರಿಗೆ ಕ್ಯಾಲೆಂಡರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಈ ಪರೀಕ್ಷೆ ಹೇಳುವುದು ಅಪರೂಪ.

ಏಪ್ರಿಲ್ 23ರ ಮುಟ್ಟು ಹನ್ನೊಂದು ದಿನ ಹೋಯಿತು. ಮೊದಲ ಮೂರು ದಿನ ಎರಡು ಗಂಟೆಗೊಂದು ಪ್ಯಾಡ್, ರಾತ್ರಿ ಹಾಸಿಗೆಯ ಮೇಲೆ ಹಳೆಯ ಪಂಚೆ ಮಡಚಿ ಹಾಕಿಕೊಂಡು ಮಲಗಿದ್ದು, ಲಿಂಬೆಹಣ್ಣಿನಷ್ಟು ದೊಡ್ಡ ಹೆಪ್ಪುಗಳು. ಎರಡು ತಿಂಗಳ ಕೆಟ್ಟ ರಕ್ತವೆಲ್ಲ ಒಟ್ಟಿಗೆ ಹೊರಬಿತ್ತು ಎಂದು ಪಕ್ಕದ ಮನೆಯವರು ಸಮಾಧಾನ ಹೇಳಿದರಂತೆ. ರಕ್ತ ಎಲ್ಲೂ ಕೂಡಿಟ್ಟುಕೊಂಡಿರುವುದಿಲ್ಲ. ಆಗಿದ್ದು ಬೇರೆ. ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್, ಬೆಳೆದದ್ದನ್ನು ಹದಕ್ಕೆ ತಂದು ಹೊತ್ತಿಗೆ ಸರಿಯಾಗಿ ಕಳಚಿಕೊಳ್ಳುವಂತೆ ಮಾಡುವುದು ಪ್ರೊಜೆಸ್ಟರಾನ್. ಅಂಡ ಹೊರಬಿದ್ದರೆ ಮಾತ್ರ ಆ ಪ್ರೊಜೆಸ್ಟರಾನ್ ಸಾಕಷ್ಟು ಹುಟ್ಟುತ್ತದೆ. ಅಂಡ ಹೊರಬೀಳದ ತಿಂಗಳಲ್ಲಿ ಪದರ ವಾರಗಟ್ಟಲೆ ಬೆಳೆಯುತ್ತಲೇ ಹೋಗಿ, ಕೊನೆಗೆ ತನ್ನ ಭಾರ ತಾನೇ ತಾಳದೆ ಅಲ್ಲಲ್ಲಿ ಹರಿಯುತ್ತದೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ಚಕ್ಕೆ ಚಕ್ಕೆಯಾಗಿ ಉದುರುವ ಹಾಗೆ, ಒಮ್ಮೆಲೇ ಬಿದ್ದು ಮುಗಿಯುವುದಿಲ್ಲ. ದೀರ್ಘ ಬಿಡುವಿನ ನಂತರ ಬರುವ ಮುಟ್ಟು ಹೆಚ್ಚಾಗಿ, ಹೆಚ್ಚು ದಿನ ಹೋಗಲು ಇದೇ ಸಾಮಾನ್ಯ ಕಾರಣ. ಮುಟ್ಟು ನಿಲ್ಲುತ್ತ ಬಂದರೆ ಸ್ರಾವವೂ ನಿಧಾನಕ್ಕೆ ಇಳಿಯುತ್ತದೆಂಬ ಎಣಿಕೆ ಬಹಳ ಸಲ ತಲೆಕೆಳಗಾಗುವುದು ಇಲ್ಲಿಯೇ. ಒಂದು ತಿಂಗಳು ಬರೀ ಕಲೆ, ಮುಂದಿನ ತಿಂಗಳು ಪ್ರವಾಹ.

ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚ. 80 ದಾಟಿದರೆ ಹೆಚ್ಚು. ಮನೆಯಲ್ಲಿ ಯಾರು ಅಳೆಯುತ್ತಾರೆ? ಪ್ಯಾಡ್ ಗಂಟೆಗೊಂದರಂತೆ ಎರಡು ಮೂರು ಗಂಟೆ ನೆನೆದು ತೊಪ್ಪೆಯಾದರೆ, ಎಂಟು ದಿನ ಮೀರಿ ಹೋದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡಹೆಂಡಿರು ಕೂಡಿದ ಮೇಲೆ ರಕ್ತ ಕಂಡರೆ, ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡರೆ ‘ವಯಸ್ಸಿಗೆ ಹೀಗೇ’ ಎಂದು ಕೂರುವಂತಿಲ್ಲ. ತಾರೀಖು ಏರುಪೇರಾಗುವುದು ಈ ಹಂತದ ಸ್ವಭಾವ. ಆದರೆ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್, ಅಪರೂಪಕ್ಕೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೂಡ ಇದೇ ವಯಸ್ಸಿನಲ್ಲಿ ಇದೇ ವೇಷದಲ್ಲಿ ಬರುತ್ತವೆ.

ಅತ್ತಿಗೆಯ ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಮೊದಲು ನೋಡಿದ ವೈದ್ಯರು ಸ್ಕ್ಯಾನ್ ಕೂಡ ಮಾಡಿಸದೆ “ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂದರು. ಈ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿದೆ ಎಂದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿಕೊಂಡವರು ಹೇಳುವ ಕಾರಣಗಳಲ್ಲಿ ಮುಟ್ಟಿನ ಅತಿಸ್ರಾವ, ನೋವೇ ಮೊದಲ ಸ್ಥಾನದಲ್ಲಿದೆ. ಎರಡನೆಯ ವೈದ್ಯೆ ಥೈರಾಯ್ಡ್ ನೋಡಿದರು, ಸ್ಕ್ಯಾನ್ ಮಾಡಿಸಿದರು, 45 ದಾಟಿದ್ದರಿಂದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ, ಅದರ ಪೂರ್ವಲಕ್ಷಣವೂ ಇಲ್ಲ. ಮೂರು ತಿಂಗಳು ಪ್ರೊಜೆಸ್ಟರಾನ್ ಜಾತಿಯ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ. ಆ ಮೂರು ತಿಂಗಳ ರಕ್ತಸ್ರಾವಕ್ಕೆ ಚುಕ್ಕೆ ಬೇಡ, ಗುಣಾಕಾರದ ಗುರುತು ಹಾಕಿ ಎಂದೆ. ಅದು ಮಾತ್ರೆ ತರಿಸಿದ ಸ್ರಾವ, ಅಂಡಾಶಯದ ಸ್ವಂತ ಲೆಕ್ಕವಲ್ಲ. ಹಾರ್ಮೋನು ತೆಗೆದುಕೊಳ್ಳುವವರಿಗೆ, ಗರ್ಭಕೋಶ ತೆಗೆಸಿಕೊಂಡವರಿಗೆ ಈ ತಾರೀಖಿನ ಏಣಿ ಹೊಂದುವುದಿಲ್ಲ.

ಸೊನ್ನೆಯ ಮೆಟ್ಟಿಲಿಗೊಂದು ವಿಚಿತ್ರವಿದೆ, ಅದರ ಮೇಲೆ ನಿಂತಾಗ ಗೊತ್ತಾಗುವುದಿಲ್ಲ. ಮುಟ್ಟಾಗದೆ ಹನ್ನೆರಡು ತಿಂಗಳು ತುಂಬಿದ ಮೇಲೆ ಹಿಂತಿರುಗಿ ನೋಡಿ, ಓಹೋ ಅದೇ ಕೊನೆಯದಾಗಿತ್ತು ಎನ್ನಬೇಕು. ಪಶ್ಚಿಮದ ದೇಶಗಳಲ್ಲಿ ಅದರ ಸರಾಸರಿ ವಯಸ್ಸು 51, ನಮ್ಮಲ್ಲಿ 46–47ರ ಸುಮಾರು. ಹಾಗಾಗಿ ಇಲ್ಲಿನ ಹೆಂಗಸರಿಗೆ ಚಕ್ರ ಕುಗ್ಗುವುದು, ಏರುಪೇರಾಗುವುದು ನಲವತ್ತರ ಆರಂಭದಲ್ಲೇ ಕಂಡರೆ ಅಚ್ಚರಿಯಿಲ್ಲ. ನಲವತ್ತಕ್ಕೂ ಮುಂಚೆ ನಿಂತರೆ ಮಾತ್ರ ಅದನ್ನು ಬೇರೆಯಾಗಿ ತಪಾಸಣೆ ಮಾಡಬೇಕು. ಹನ್ನೆರಡು ತಿಂಗಳು ತುಂಬಿದ ಮೇಲೆ ಒಂದು ಹನಿ ಕಂಡರೂ ವೈದ್ಯರಿಗೆ ತೋರಿಸಬೇಕು.

ಅತ್ತಿಗೆ 2024ರ ಜೂನ್ 9ಕ್ಕೆ ಚುಕ್ಕೆಯಿಟ್ಟು, ಆಮೇಲೆ ತಿಂಗಳು ತಿಂಗಳೂ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಬರೆಯುತ್ತ ಬಂದರು. ಒಂಬತ್ತರ ಹೊತ್ತಿಗೆ ಮನೆಯಲ್ಲಿದ್ದ ಪ್ಯಾಡುಗಳನ್ನೆಲ್ಲ ಮಗಳ ಕೈಗೆ ಕೊಟ್ಟುಬಿಟ್ಟಿದ್ದರು. 2025ರ ಏಪ್ರಿಲ್ 12, ಹತ್ತು ತಿಂಗಳು ತುಂಬಿ ಮೂರನೆಯ ದಿನ ಬೆಳಿಗ್ಗೆ ಫೋನು ಬಂತು. “ಮತ್ತೆ ಆಯ್ತು ಕಣೇ. ಮಗಳ ಹತ್ರ ಹೋಗಿ ಪ್ಯಾಡ್ ಸಾಲ ಕೇಳಿದೆ.” ಕೆಂಪು ಪೆನ್ನು ಹುಡುಕಿ ತಾರೀಖಿನ ಕೆಳಗೆ ಚುಕ್ಕೆಯಿಟ್ಟು, ಮೂಲೆಯ ‘ಹತ್ತು’ ಹೊಡೆದುಹಾಕಿದರಂತೆ. ಎಣಿಕೆ ಮತ್ತೆ ಒಂದರಿಂದ.